ಐದೂವರೆ ಗಂಟೆಯ ಲೆಕ್ಕ

ಸೂಟ್‌ಕೇಸ್ ತೆರೆದು ಅಜ್ಜಿ ಮೊದಲು ಹೊರಗೆ ತೆಗೆದದ್ದು ಗೋಡೆ ಗಡಿಯಾರ. ಎರಡು ಟವೆಲ್ ಸುತ್ತಿ, ಅದರ ಮೇಲೆ ಒಂದು ಹಳೆಯ ಲಂಗ ಸುತ್ತಿ ತಂದಿದ್ದಳು. ಬಿಳಿ ಮುಖ, ದಪ್ಪ ಕಪ್ಪು ಅಂಕಿ, ಸುತ್ತ ಪ್ಲಾಸ್ಟಿಕ್ ಚೌಕಟ್ಟು. ಗಾಜಿಗೆ ಏನೂ ಆಗಿಲ್ಲವೆಂದು ಸೆರಗಿನಿಂದ ಒರೆಸಿ ನೋಡಿದ ಮೇಲೆಯೇ ಅವಳು ಮಂಚದ ಮೇಲೆ ಕೂತದ್ದು.

"ಅಮ್ಮ, ಈ ಮನೇಲಿ ಗಡಿಯಾರ ಇಲ್ಲ ಅಂದ್ಕೊಂಡ್ಯಾ?" ಮಗಳು ನಕ್ಕಳು. ಹೊಟ್ಟೆಯ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ನಗುವಾಗ ಒಂದು ಕೈ ಹೊಟ್ಟೆಯ ಮೇಲಿರಬೇಕಿತ್ತು.

"ನಿಮ್ಮನೆ ಗಡಿಯಾರ ನಿಮ್ಮ ಟೈಮು ತೋರಿಸತ್ತೆ. ಇದು ಪುಟ್ಟಿ ಟೈಮು."

ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅಳಿಯ ಕಿಟಕಿಯ ಪರದೆಯ ಕೊಕ್ಕೆಗೆ ದಾರ ಕಟ್ಟಿ ಅದನ್ನು ತೂಗುಹಾಕಿದ. ಹದಿನಾಲ್ಕು ವರ್ಷದ ಮೊಮ್ಮಗಳು, ಅಜ್ಜಿಯ ಬಾಯಲ್ಲಿ ಗುಬ್ಬಿ, ಅಡುಗೆಮನೆಯ ಗಡಿಯಾರಕ್ಕೂ ಇದಕ್ಕೂ ಎರಡು ಮೂರು ಸಲ ಓಡಾಡಿ ಬಂದಳು.

"ಅಜ್ಜಿ, ಅಲ್ಲಿ ದೊಡ್ಡ ಮುಳ್ಳು ಮೇಲಿದ್ರೆ ಇಲ್ಲಿ ಕೆಳಗಿರತ್ತೆ! ಎರಡಕ್ಕೂ ಜಗಳ ಆದ ಹಾಗೆ."

"ಐದೂವರೆ ಗಂಟೆ ಮುಂದೆ ಅಲ್ವಾ ನಮ್ಮೂರು. ಆ ಅರ್ಧ ಗಂಟೆಗೆ ಹಾಗಾಗೋದು," ಎಂದ ಅಳಿಯ. ಅವನು ಈ ಹೊರದೇಶದ ಊರಿನಲ್ಲಿ ಬಸ್ಸಿನ ಡ್ರೈವರ್. "ಅತ್ತೆ, ಇನ್ಮೇಲೆ ನಿಮ್ಮ ರೂಮಿಗೆ ಬರೋಕೆ ನಾವೆಲ್ಲ ವೀಸಾ ತಗೋಬೇಕು."

ಪುಟ್ಟಿ ಎಂದರೆ ಅಜ್ಜಿಯ ತಂಗಿ. ವಯಸ್ಸು ಅರವತ್ತು ದಾಟಿದ್ದರೂ ಅಕ್ಕನಿಗೆ ಇನ್ನೂ ಪುಟ್ಟಿಯೇ. ಮದುವೆಯಾಗಿರಲಿಲ್ಲ, ಊರಲ್ಲಿ ಅಕ್ಕನ ಜೊತೆಯಲ್ಲೇ ಇದ್ದವಳು. ಸಕ್ಕರೆ ಕಾಯಿಲೆ ಮೊದಲು ಕಾಲಿನ ಒಂದು ಬೆರಳು ತಿಂದಿತ್ತು, ಆಮೇಲೆ ಕಣ್ಣು. ಈಗ ಬೆಳಕಿದೆಯೋ ಕತ್ತಲಿದೆಯೋ ಎಂಬುದಷ್ಟೇ ಗೊತ್ತಾಗುತ್ತಿತ್ತು. ದಿನಕ್ಕೆ ಎರಡು ಸಲ ಇನ್ಸುಲಿನ್. ಅಜ್ಜಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದವಳು. ತಂಗಿಗೆ ತಾನೇ ಕಲಿಸಿದ್ದಳು: ಪೆನ್ನಿನಂತಹ ಇನ್ಸುಲಿನ್ ಸಾಧನವನ್ನು ಅಂಗೈಗಳ ನಡುವೆ ಹೊರಳಿಸಬೇಕು, ಔಷಧಿ ಚೆನ್ನಾಗಿ ಬೆರೆಯಬೇಕು, ತುದಿಯ ತಿರುಗಣೆಯನ್ನು ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಒಂದು ಟಿಕ್ಕಿಗೆ ಒಂದು ಯೂನಿಟ್, ಕಿವಿಗೆ ಹಿಡಿದು ಎಣಿಸಬೇಕು, ಹೊಟ್ಟೆಯ ಚರ್ಮ ಹಿಡಿದೆತ್ತಿ ಚುಚ್ಚಿ, ಹತ್ತು ಎಣಿಸುವವರೆಗೆ ತೆಗೆಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಸೂಜಿ ಆದ ಅರ್ಧ ಗಂಟೆಗೆ ಊಟ ಹೊಟ್ಟೆಗೆ ಬೀಳಬೇಕು.

ಬೆಳಗಿನ ಸೂಜಿಗೆ ಕೆಳಗಿನ ಮನೆಯವಳು ಬಂದು ಜೊತೆಗೆ ನಿಲ್ಲುತ್ತಿದ್ದಳು. ಆಮೇಲೆ ಅವಳು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋದರೆ ಮನೆಗೆ ಬರುವುದು ಸಂಜೆ ಏಳೂವರೆ ದಾಟಿದ ಮೇಲೆ. ಎಂಟು ಗಂಟೆಗೆ ಸರಿಯಾಗಿ ಊಟದ ತಟ್ಟೆ ಹಿಡಿದು ಮೇಲೆ ಹತ್ತುತ್ತಿದ್ದಳು. ಅಂದರೆ ಸಂಜೆಯ ಸೂಜಿ ಏಳೂವರೆಗೆ. ಆ ಹೊತ್ತಿಗೆ ಪುಟ್ಟಿಯ ಬಳಿ ಯಾರೂ ಇಲ್ಲ. ಏಳೂವರೆ ಆಯಿತೆಂದು ಹೇಳಲು ಒಬ್ಬರು ಬೇಕು. ಆ ಒಬ್ಬರು ಅಕ್ಕ. ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅಜ್ಜಿಯ ಗಡಿಯಾರ ಏಳೂವರೆ ತೋರಿಸುತ್ತಿತ್ತು. ಅಜ್ಜಿ ಫೋನ್ ಮಾಡುತ್ತಿದ್ದಳು.

"ಹೊರಳಿಸಿದ್ಯಾ?"

"ಹೂಂ ಅಕ್ಕ."

"ಎಣಿಸು, ನಂಗೂ ಕೇಳಿಸ್ಲಿ."

ಟಿಕ್, ಟಿಕ್, ಟಿಕ್. ಇಬ್ಬರೂ ಒಟ್ಟಿಗೆ ಎಣಿಸುತ್ತಿದ್ದರು.

*

ಮೊದಲ ವಾರಗಳಲ್ಲಿ ಗಡಿಯಾರ ಅಜ್ಜಿಯ ಹೊಟ್ಟೆಯೊಳಗೂ ನಡೆಯುತ್ತಿತ್ತು. ಮನೆಯವರು ಸಂಜೆಯ ಕಾಫಿ ಕುಡಿಯುವಾಗ ಅವಳಿಗೆ ಕಣ್ಣು ಎಳೆಯುತ್ತಿತ್ತು. ಎಲ್ಲರೂ ಮಲಗಿದ ಮೇಲೆ ಎದ್ದು ಪಾತ್ರೆ ತೊಳೆಯುತ್ತಿದ್ದಳು. ನಸುಕಿಗೆ ಬಸ್ಸು ತೆಗೆಯಬೇಕಾದ ಅಳಿಯ ದಿಂಬಿನಡಿ ತಲೆ ತೂರಿಸಿ ಸುಮ್ಮನಿರುತ್ತಿದ್ದ. ಮಗಳೇ ಹೇಳಬೇಕಾಯಿತು.

"ಅಮ್ಮ, ಪಾತ್ರೆ ನಾಳೆ ತೊಳೆದ್ರೆ ಅವೇನು ಎದ್ದು ಓಡಿಹೋಗಲ್ಲ."

"ನಿನ್ನ ಗಂಡ ಹೇಳು ಅಂದ್ರಾ?"

"ಅವ್ರು ಯಾವತ್ತೂ ಏನೂ ಹೇಳಲ್ಲ. ಅದಕ್ಕೇ ನಾನು ಹೇಳ್ತಿರೋದು."

ಅಜ್ಜಿ ಹಟ ಹಿಡಿದು ದೇಹವನ್ನು ಈ ಊರಿಗೆ ತಿರುಗಿಸಿಕೊಂಡಳು. ಹಗಲು ನಿದ್ದೆ ಬಂದರೆ ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದ ಬಟ್ಟೆ ಒಣಹಾಕುವ ಹಗ್ಗಗಳನ್ನು ನೋಡುತ್ತಿದ್ದಳು. ರಾತ್ರಿ ಎಲ್ಲರ ಜೊತೆ ಊಟ, ಎಲ್ಲರ ಜೊತೆ ನಿದ್ದೆ. ಮಗಳಿಗೆ ಭಾರ ಎತ್ತಲು ಬಿಡದೆ ಅಡುಗೆ, ಬಟ್ಟೆ, ನೆಲ ಒರೆಸುವುದು ಎಲ್ಲ ತಾನೇ ಮಾಡಿದಳು. ಗಡಿಯಾರ ಮಾತ್ರ ತಿರುಗಲಿಲ್ಲ.

ಮಗಳು ಬಟ್ಟೆ ಸರಿಪಡಿಸಿಕೊಡುವ ಅಂಗಡಿಯೊಂದರಲ್ಲಿ ಹೊಲಿಗೆ ಮಾಡುತ್ತಿದ್ದವಳು. ಗಾಯ ಮಾಗಿದ ಮೇಲೆ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದಳು. ಇಷ್ಟು ವರ್ಷಗಳ ಮೇಲೆ ಅಮ್ಮ ಬಂದಿದ್ದಾಳೆ, ಅಂಗಡಿ ಬೀದಿ ತೋರಿಸಬೇಕು, ಕೆರೆಯ ಬದಿಯಲ್ಲಿ ಕೂರಿಸಬೇಕು, ಜೊತೆಯಲ್ಲಿ ಹೊಲಿಯುವವಳ ಮನೆಗೆ ಊಟಕ್ಕೆ ಕರೆದೊಯ್ಯಬೇಕು ಎಂದೆಲ್ಲ ಅವಳಿಗೆ ಆಸೆ. ಆದರೆ ಯಾವ ಕಡೆ ಹೊರಟರೂ ಎರಡು ಗಂಟೆ ಎದುರಿಗೆ ಬಂದು ನಿಲ್ಲುತ್ತಿತ್ತು.

"ಮೊಬೈಲ್ ಕೈಲೇ ಇರತ್ತಲ್ಲಮ್ಮ. ಎಲ್ಲಿಂದ ಬೇಕಾದ್ರೂ ಮಾಡ್ಬಹುದು."

"ಮೊಬೈಲಲ್ಲಿ ನಿಮ್ಮ ಟೈಮು. ನಂಗೆ ಆ ಕೂಡಿಸೋದು ಕಳೆಯೋದು ಬೇಡ. ಮರೆತ್ರೆ?"

"ಒಂದಿನ ಹತ್ತು ನಿಮಿಷ ಹೆಚ್ಚು ಕಮ್ಮಿ ಆದ್ರೆ ಏನಾಗತ್ತೆ?"

"ಹತ್ತು ನಿಮಿಷ ಮೂವತ್ತಾಗತ್ತೆ. ಆಸ್ಪತ್ರೇಲಿ ನೋಡಿದೀನಿ ನಾನು."

ಆ ಶನಿವಾರ ಜೊತೆಯವಳ ಮನೆಯ ಊಟಕ್ಕೆ ಹೊರಡಬೇಕಿತ್ತು. ಮಗಳು ಇಸ್ತ್ರಿ ಮಾಡಿಟ್ಟ ಸೀರೆಯನ್ನು ಅಜ್ಜಿ ಉಟ್ಟೂ ಆಗಿತ್ತು. ಕೊನೆಯ ಗಳಿಗೆಯಲ್ಲಿ ಮಂಚದ ಮೇಲೆ ಕೂತುಬಿಟ್ಟಳು.

"ನೀವು ಹೋಗ್ಬನ್ನಿ. ನಂಗೆ ಅಲ್ಲಿ ಕೂತ್ರೆ ಜೀವ ಇಲ್ಲೇ ಇರತ್ತೆ."

"ಇಲ್ಲೂ ಇಲ್ಲ ಅದು. ಅಲ್ಲಿದೆ!" ಮಗಳು ಗಡಿಯಾರದ ಕಡೆ ಕೈ ಚಾಚಿದಳು. "ಮೂರು ತಿಂಗಳಿಗೆ ಅಂತ ಬಂದೆ. ನನ್ನ ಹೊಟ್ಟೆ ಕುಯ್ದಾಗ ಬಂದೆ. ಒಂದು ಸಲಾನಾದ್ರೂ ನನ್ನ ಗಡಿಯಾರ ನೋಡಿದ್ಯಾ ನೀನು? ನಿಂಗೆ ಮಗಳು ಅಂದ್ರೆ ಪುಟ್ಟೀನೇ. ನಾನು ಯಾರು?"

"ಯಾರ ಬಗ್ಗೆ ಮಾತಾಡ್ತಿದೀಯ ಗೊತ್ತಾ? ನಾನು ರಾತ್ರಿ ಡ್ಯೂಟಿಗೆ ಹೋದ್ರೆ ನಿನ್ನನ್ನ ಸೊಂಟದ ಮೇಲಿಟ್ಕೊಂಡು ಬೆಳೆಸ್ದೋಳು ಅವ್ಳು. ನಿಂಗೆ ಜ್ವರ ಬಂದ್ರೆ ನನ್ನ ಹೆಸರು ಹೇಳಿ ಅಳ್ತಿರ್ಲಿಲ್ಲ ನೀನು, ಚಿಕ್ಕಮ್ಮ ಅಂತಿದ್ದೆ."

"ಹೌದು! ಯಾಕಂದ್ರೆ ಆಗ್ಲೂ ನೀನು ಇರ್ತಿರ್ಲಿಲ್ಲ."

ಮಗಳು ಚಪ್ಪಲಿ ಮೆಟ್ಟಿ ಒಬ್ಬಳೇ ಹೊರಟುಹೋದಳು. ಗುಬ್ಬಿ ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡಿ ಕೊನೆಗೆ ಅಜ್ಜಿಯ ಪಕ್ಕ ಬಂದು ಕೂತಳು.

*

ಆ ರಾತ್ರಿ ಕಳೆದರೆ ಈ ಊರಿನಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನ. ಚಳಿಗಾಲ ಮುಗಿಯುವಾಗ ಒಂದು ಸಲ ಮುಂದಕ್ಕೆ, ಮತ್ತೆ ಚಳಿ ಬರುವಾಗ ಒಂದು ಸಲ ಹಿಂದಕ್ಕೆ. ಬಸ್ಸಿನವನ ಮನೆಯಲ್ಲಿ ಅದನ್ನು ಮರೆಯುವಂತಿಲ್ಲ. ಮೊಬೈಲ್ ತಾನೇ ತಿರುಗಿಸಿಕೊಳ್ಳುತ್ತದೆ. ಅಡುಗೆಮನೆ, ಹಾಲ್, ಓವನ್ ಇವುಗಳನ್ನು ಕೈಯಿಂದಲೇ ತಿರುಗಿಸಬೇಕು. ಭಾನುವಾರದ ಮೊದಲ ಬಸ್ಸು ತನ್ನದೆಂದು ಅಳಿಯ ಬೇಗ ಮಲಗಿದ್ದ. ಹೆಂಡತಿಯೇ ಕುರ್ಚಿ ಹಾಕಿಕೊಂಡು ಒಂದೊಂದನ್ನೇ ಇಳಿಸಿ, ಹಿಂದಿನ ತಿರುಗಣೆ ತಿರುಗಿಸಿ, ಮತ್ತೆ ಹಾಕುತ್ತಿದ್ದಳು.

ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಅವಳ ಕೋಣೆಯ ಬಾಗಿಲು ತೆರೆದಿತ್ತು. ಮಧ್ಯಾಹ್ನ ಬಾಯಿಗೆ ಬಂದದ್ದನ್ನೆಲ್ಲ ಆಡಿ ಹೋದವಳು ಜೊತೆಯವಳ ಮನೆಯಲ್ಲಿ ಅರ್ಧ ಊಟಕ್ಕೇ ಎದ್ದು ಬಂದಿದ್ದಳು. ಮಗಳು ಕುರ್ಚಿಯನ್ನು ಎಳೆದುಕೊಂಡು ಕಿಟಕಿಯ ಬಳಿ ಹೋದಳು.

"ಅಮ್ಮಾ, ಅಜ್ಜೀದೂ ತಿರುಗಿಸ್ಬೇಕಾ?" ಗುಬ್ಬಿ ಕೇಳಿದಳು.

"ಮತ್ತೆ? ನಮ್ಮದಕ್ಕಿಂತ ಐದೂವರೆ ಗಂಟೆ ಮುಂದಿರ್ಬೇಕಲ್ವಾ ಇದು. ನಮ್ಮದು ಮುಂದೆ ಹೋಯ್ತು. ಇದನ್ನ ಹಾಗೇ ಬಿಟ್ರೆ ನಾಲ್ಕೂವರೆ ಆಗ್ಬಿಡತ್ತೆ. ಪಾಪ, ಅಮ್ಮಂಗೆ ಲೆಕ್ಕ ತಪ್ಪತ್ತೆ."

ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ದೊಡ್ಡ ಮುಳ್ಳು ಒಂದು ಪೂರ್ತಿ ಸುತ್ತು ಬರುವವರೆಗೆ ತಿರುಗಣೆ ತಿರುಗಿಸಿದಳು. ಕೊಕ್ಕೆಯ ದಾರ ಸಡಿಲವಾಗಿತ್ತು, ಹೊಸ ಗಂಟು ಹಾಕಿದಳು.

ಬೆಳಗ್ಗೆ ಕಾಫಿ ಕೊಡುವಾಗ ಅಮ್ಮನ ಮುಖ ನೋಡದೆ ಹೇಳಿದಳು: "ನಿನ್ನ ಗಡಿಯಾರನೂ ತಿರುಗಿಸಿದೀನಿ. ಒಂದು ಗಂಟೆ."

"ನಂದೂ ತಿರುಗಿಸ್ಬೇಕಿತ್ತಾ?"

"ಹೂಂ. ಐದೂವರೆ ಲೆಕ್ಕ ಸರಿ ಇರ್ಬೇಕಲ್ಲ."

ಅಜ್ಜಿ ಕೋಣೆಗೆ ಹೋಗಿ ನೋಡಿ ಬಂದಳು. ಗಾಜು ಹೊಳೆಯುತ್ತಿತ್ತು. "ಒರೆಸಿದ್ಯಾ?" ಎಂದಳು. ಮಗಳು ಹೂಂಗುಟ್ಟಿದಳು. ಆ ದಿನ ಮಗಳು ಕೇಳದೆಯೇ ಅಜ್ಜಿ ಅವಳ ಕೂದಲಿಗೆ ಎಣ್ಣೆ ಹಚ್ಚಿದಳು. ಎರಡು ಗಂಟೆಗೆ ಅವಳ ಗಡಿಯಾರ ಏಳೂವರೆ ತೋರಿಸಿತು, ಎಂದಿನಂತೆ. ದೊಡ್ಡ ಮುಳ್ಳುಗಳು ಒಂದು ಮೇಲೆ, ಒಂದು ಕೆಳಗೆ, ಎಂದಿನಂತೆ. ಮನೆಯಲ್ಲಿ ಯಾವುದೂ ಬದಲಾದಂತೆ ಕಾಣಲಿಲ್ಲ.

"ಪುಟ್ಟಿ, ಟೈಮಾಯ್ತು."

"ಆಗ್ಲೇನಾ ಅಕ್ಕ? ಕಿಟಕೀಲಿ ಇನ್ನೂ ಬೆಳಕಿರೋ ಹಾಗಿದೆ."

"ಬೇಸಿಗೆ ಬಂತಲ್ಲ, ಹಗಲು ಉದ್ದ ಆಗತ್ತೆ. ಹೊರಳಿಸು."

ಟಿಕ್, ಟಿಕ್, ಟಿಕ್.

*

ಸೋಮವಾರ ಪುಟ್ಟಿಯ ದನಿ ಸ್ವಲ್ಪ ಸೋತಂತಿತ್ತು. ಸೆಖೆ ಎಂದಳು. ಮಂಗಳವಾರ ಅವಳೇ ಮಾತು ತೆಗೆದಳು.

"ಅಕ್ಕ, ಕೆಳಮನೆಯವಳು ಈಗೀಗ ಊಟ ತರೋದು ತಡ ಮಾಡ್ತಾಳೆ ಕಣೇ. ಸೂಜಿ ಆಗಿ ಎಷ್ಟೊತ್ತು ಕೂತಿರ್ತೀನಿ. ನಿನ್ನೆ ಮೈಯೆಲ್ಲ ಬೆವರಿಹೋಯ್ತು."

"ಕೈ ನಡುಗ್ತಾ?"

"ಚೂರು. ಸಕ್ಕರೆ ಬಾಯಿಗೆ ಹಾಕ್ಕೊಂಡೆ, ಸರಿಹೋಯ್ತು. ಅವಳಿಗೇನೂ ಅನ್ಬೇಡ. ಅವ್ಳೂ ದುಡಿದು ಸುಸ್ತಾಗಿ ಬರ್ತಾಳೆ."

ಅನ್ನದೆ ಇರುವ ಜಾಯಮಾನ ಅಜ್ಜಿಯದಲ್ಲ. ಮರುದಿನ ಕೆಳಮನೆಯವಳು ಅಂಗಡಿಯಲ್ಲಿರುವಾಗಲೇ ಫೋನ್ ಹಚ್ಚಿದಳು. ಆ ಕಡೆ ಗಿರಾಕಿಗಳ ಗದ್ದಲ.

"ಎಂಟಕ್ಕೆ ಊಟ ಅಂದ್ರೆ ಎಂಟಕ್ಕೆ ಕೊಡಬೇಕು ಕಣಮ್ಮ. ಆಗಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು."

"ದೊಡ್ಡಮ್ಮ, ಎಂಟಕ್ಕೇ ಕೊಡ್ತಿದೀನಿ. ಒಂದಿನ ತಪ್ಪಿಸಿಲ್ಲ."

"ಹಾಗಾದ್ರೆ ನನ್ನ ತಂಗಿ ಸುಳ್ಳು ಹೇಳ್ತಾಳಾ?"

"ಅವ್ರಿಗೆ ಕಣ್ಣು ಕಾಣಲ್ಲ, ಹೊತ್ತು ಹೇಗೆ ಗೊತ್ತಾಗತ್ತೆ?"

"ಕಣ್ಣು ಕಾಣಲ್ಲ, ಹೊಟ್ಟೆಗೆ ಗೊತ್ತಾಗತ್ತೆ!"

"ಆಯ್ತು ದೊಡ್ಡಮ್ಮ. ಗಿರಾಕಿ ನಿಂತಿದಾರೆ," ಎಂದು ಆ ಕಡೆಯವಳು ಫೋನ್ ಇಟ್ಟಳು. ಅಜ್ಜಿ ಫೋನನ್ನು ಸೆರಗಿಗೆ ಒರೆಸಿ, "ಮಾತು ನೋಡು ಇವಳದು," ಎಂದಳು. ಮಗಳು ಕೆಲಸದಿಂದ ಬಂದು ಷೂ ಬಿಚ್ಚುತ್ತಿದ್ದಳು. "ದುಡ್ಡು ತಗೊಳ್ದೆ ಮಾಡ್ತಾಳಲ್ಲಮ್ಮ, ಅಷ್ಟು ಗಟ್ಟಿಯಾಗಿ ಅನ್ಬಾರ್ದು," ಎಂದಳು.

"ಪ್ರೀತೀಲಿ ಮಾಡೋ ಕೆಲಸಕ್ಕೆ ಹೊತ್ತು ಗೊತ್ತು ಇರ್ಬೇಡ್ವಾ?"

ಗುರುವಾರ ಅಜ್ಜಿ ಫೋನ್ ಮಾಡಿದಾಗ ಪುಟ್ಟಿ ಮಧ್ಯಾಹ್ನ ಊಟ ಸೇರಲಿಲ್ಲ, ಒಂದೆರಡು ತುತ್ತು ತಿಂದೆ ಎಂದಳು.

"ಇವತ್ತು ಅವ್ಳು ಸರಿಯಾಗಿ ಬರ್ತಾಳೆ, ಹೇಳಿದೀನಿ," ಎಂದಳು ಅಜ್ಜಿ. "ಅರ್ಧ ಗಂಟೆ ಅಷ್ಟೇ. ಸುಮ್ನೆ ಕೂತಿರು. ಎಣಿಸು."

*

ಗುಬ್ಬಿ ಶಾಲೆಯಿಂದ ಬಂದು ಬ್ಯಾಗ್ ಇಳಿಸುತ್ತಿದ್ದಳು. ಅಜ್ಜಿಯ ಫೋನ್ ಹೊಡೆದುಕೊಂಡಿತು. ಕೆಳಮನೆಯವಳ ದನಿ ಒಡೆದುಹೋಗಿತ್ತು.

"ದೊಡ್ಡಮ್ಮ, ಪುಟ್ಟಮ್ಮ ಬಿದ್ದುಬಿಟ್ಟಿದಾರೆ. ಅಡುಗೆಮನೆ ನೆಲದ ಮೇಲೆ. ಬೆವರಲ್ಲಿ ತೊಯ್ದುಹೋಗಿದಾರೆ, ಹಲ್ಲು ಕಚ್ಕೊಂಡಿದಾರೆ, ಕರೆದ್ರೆ ಓಗೊಡಲ್ಲ!"

"ಮಗ್ಗುಲಿಗೆ ಮಲಗಿಸು! ಬಾಯಿಗೆ ನೀರು ಗೀರು ಹಾಕ್ಬೇಡ, ಉಸಿರಿಗೆ ಸಿಕ್ಕತ್ತೆ. ಆಂಬುಲೆನ್ಸ್‌ಗೆ ಮಾಡು. ಸಕ್ಕರೆ ಇಳಿದಿದೆ ಅಂತ ಹೇಳು!"

"ಮಾಡಿದೀನಿ, ಬರ್ತಿದೆ. ಈಗ ಊಟ ತಗೊಂಡು ಬಂದೆ, ಎಂಟಕ್ಕೆ ಸರಿಯಾಗಿ ಬಾಗಿಲು ತೆಗ್ದೆ..."

ಅಜ್ಜಿ ಕಿಟಕಿಯತ್ತ ತಲೆ ಎತ್ತಿದಳು.

"ಎಂಟಕ್ಕೆ ಬಂದ್ಯಾ? ಈಗ ಒಂಬತ್ತಾಗಿ ಹೋಯ್ತಲ್ಲೇ! ಒಂದು ಗಂಟೆ ಏನ್ ಮಾಡ್ತಿದ್ದೆ ನೀನು?"

"ಒಂಬತ್ತೆಲ್ಲಿ ದೊಡ್ಡಮ್ಮ? ಈಗ ಎಂಟು ಐದು."

"ನನ್ನ ಕಣ್ಣೆದುರಿಗೇ ಇದೆ ಗಡಿಯಾರ!"

"ನನ್ನ ಕಣ್ಣೆದುರಿಗೂ ಇದೆ. ಎಂಟು ಐದು! ನೀವು ಏಳೂವರೆಗೆ ಹೇಳಿದ್ರೆ ಇಷ್ಟು ಬೇಗ ಹೀಗಾಗತ್ತಾ? ಎಷ್ಟೊತ್ತಿಗೆ ಮಾಡಿದ್ರಿ ನೀವು?"

ಗುಬ್ಬಿ ಜೇಬಿನಿಂದ ಮೊಬೈಲ್ ತೆಗೆದು ಏನೋ ಒತ್ತಿದಳು. ಅಜ್ಜಿಯ ಊರಿನ ಹೆಸರು, ಕೆಳಗೆ ಅಂಕಿಗಳು. ತೆರೆಯನ್ನು ಅಜ್ಜಿಯ ಮುಖದೆದುರು ಹಿಡಿದಳು. ಎಂಟು ಗಂಟೆ ಆರು ನಿಮಿಷ.

ಅಜ್ಜಿ ಅದನ್ನು ನೋಡಿದಳು. ಗಡಿಯಾರ ನೋಡಿದಳು. ಅಡುಗೆಮನೆಯಲ್ಲಿ ಮೂರೂವರೆ ದಾಟಿತ್ತು. ಫೋನಿನಲ್ಲಿ ಆ ಕಡೆ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು, ಯಾರೋ ದಾರಿ ಬಿಡಿ ಎನ್ನುತ್ತಿದ್ದರು. ಕರೆ ಕಡಿದುಹೋಯಿತು.

*

ಸಂಜೆ ಅಳಿಯ ಡ್ಯೂಟಿಯ ಬಟ್ಟೆಯಲ್ಲೇ ಊಟದ ಮೇಜಿನ ಮುಂದೆ ಕೂತ. ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟ.

"ಇದು ಇಲ್ಲಿ. ಇದು ಅಲ್ಲಿ. ಇಲ್ಲಿ ಮಧ್ಯಾಹ್ನ ಎರಡಾದ್ರೆ ಅಲ್ಲಿ ಏಳೂವರೆ. ಭಾನುವಾರ ಏನಾಯ್ತು? ಇಲ್ಲಿನ ಸರ್ಕಾರ ಇಲ್ಲಿನ ಗಡಿಯಾರ ಮುಂದಕ್ಕೆ ತಳ್ತು." ಒಂದು ತಟ್ಟೆಯನ್ನು ಇನ್ನೊಂದರತ್ತ ಸರಿಸಿದ. "ಅಲ್ಲಿ ಯಾರೂ ಏನೂ ತಳ್ಳಿಲ್ಲ. ಅಲ್ಲಿ ವರ್ಷವೆಲ್ಲ ಒಂದೇ ಟೈಮು. ನಾವು ಹತ್ರ ಹೋದ್ವಿ. ಅಂತರ ನಾಲ್ಕೂವರೆಗೆ ಇಳೀತು. ಅಷ್ಟೇ. ಅತ್ತೆ ಗಡಿಯಾರ ಮೊದ್ಲಿಂದ್ಲೂ ಸರಿಯಾಗೇ ಇತ್ತು. ಅದನ್ನ ಮುಟ್ಲೇಬಾರ್ದಿತ್ತು."

"ಐದೂವರೆ ಅಂತ ನೀವೇ ಹೇಳಿದ್ದು," ಎಂದಳು ಹೆಂಡತಿ.

"ಚಳಿಗಾಲದಲ್ಲಿ ಹೇಳಿದ್ದೆ! ಒಂದು ಮಾತು ಕೇಳ್ಬಾರ್ದಿತ್ತಾ? ವರ್ಷಕ್ಕೆ ಎರಡು ಸಲ ಇದೇ ಟೈಮ್ ಟೇಬಲ್ ಹಿಡ್ಕೊಂಡು ಸಾಯ್ತೀನಿ ನಾನು, ಪಕ್ಕದಲ್ಲೇ ಮಲಗಿದ್ದೆ."

"ನಿಮ್ಮ ನಿದ್ದೆ ಕೆಡಿಸ್ಬಾರ್ದು ಅಂತ..."

"ಅಪ್ಪಾ, ಸಾಕು," ಎಂದಳು ಗುಬ್ಬಿ.

ಅವನು ತಾನೇ ಎರಡೂ ತಟ್ಟೆಗೆ ಅನ್ನ ಬಡಿಸಿ, ಒಂದನ್ನು ಹೆಂಡತಿಯ ಮುಂದೆ, ಒಂದನ್ನು ಅತ್ತೆಯ ಮುಂದೆ ಇಟ್ಟ. ಯಾರೂ ಕೈ ಹಾಕಲಿಲ್ಲ. ಅಜ್ಜಿ ಕೋಣೆಗೆ ಹೋದಳು, ಕುರ್ಚಿ ಹತ್ತಿ ಗಡಿಯಾರ ಇಳಿಸಿದಳು, ಮುಳ್ಳನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ಅಲ್ಲೇ ತೂಗುಹಾಕಿದಳು.

ಆಸ್ಪತ್ರೆಯ ಸುದ್ದಿ ಸ್ವಲ್ಪ ಸ್ವಲ್ಪವಾಗಿ ಬಂತು. ಜೀವ ಉಳಿದಿದೆ. ಕಣ್ಣು ಬಿಟ್ಟಿದ್ದಾಳೆ. ಆದರೆ ಮಾತಾಡುವುದಿಲ್ಲ, ಯಾರ ದನಿಗೂ ತಿರುಗುವುದಿಲ್ಲ. ಸಕ್ಕರೆ ತುಂಬಾ ಇಳಿದು ಮೆದುಳಿಗೆ ಪೆಟ್ಟಾಗಿದೆ, ಎಷ್ಟು ವಾಪಸ್ ಬರುತ್ತದೆಂದು ಈಗಲೇ ಹೇಳಲಾಗದು ಎಂದಿದ್ದರು ಡಾಕ್ಟರು. ಕೆಳಮನೆಯವಳು ಇನ್ನೊಂದು ಮಾತೂ ಹೇಳಿದಳು. ನಾಲ್ಕು ದಿನವೂ ಸಂಜೆ ಪುಟ್ಟಿ ನಡುಗಿ, ಬೆವರಿ, ಸಕ್ಕರೆ ಬಾಯಿಗೆ ಹಾಕಿಕೊಂಡು ಕೂತಿದ್ದಳಂತೆ. ಪೂರ್ತಿ ಹೇಳಿದರೆ ಅಕ್ಕ ಮಗಳನ್ನು ಬಿಟ್ಟು ಓಡಿ ಬರುತ್ತಾಳೆ, ಇಷ್ಟು ವರ್ಷಕ್ಕೆ ಹೋಗಿದ್ದಾಳೆ, ಇರಲಿ ಎಂದಳಂತೆ. ಬಿದ್ದ ದಿನ ಡಬ್ಬಿಯಲ್ಲಿ ಸಕ್ಕರೆ ಮುಗಿದಿತ್ತು.

"ನಂಗೊಂದೇ ಗೊತ್ತಾಗ್ಬೇಕು ದೊಡ್ಡಮ್ಮ," ಎಂದಳು ಕೆಳಮನೆಯವಳು. ಫೋನ್ ಸ್ಪೀಕರಿನಲ್ಲಿತ್ತು. "ಅವರ ಫೋನಲ್ಲಿ ನೋಡ್ದೆ. ಭಾನುವಾರದಿಂದ ನಿಮ್ಮ ಕಾಲ್ ಬಂದಿರೋದು ದಿನಾ ಆರೂವರೆಗೆ. ನಾನು ತಡ ಮಾಡ್ತೀನಿ ಅಂತ ಬೈದ್ರಿ ನೀವು. ಅಂಗಡೀಲಿ ಎಲ್ರ ಎದುರಿಗೆ ಕಣ್ಣೀರು ಬಂತು ನಂಗೆ."

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಅಜ್ಜಿ ಅವಳತ್ತ ನೋಡಲಿಲ್ಲ.

"ನನ್ನ ತಪ್ಪು ಕಣಮ್ಮ. ಕಣ್ಣು ಮಂಜು. ಗಂಟೆ ಮುಳ್ಳು ತಪ್ಪಿ ನೋಡಿದೀನಿ. ನಿಂಗೆ ಬೈದಿದ್ದು ನನ್ನ ನಾಲಿಗೇನೇ, ಅದಕ್ಕೆ ನಾನೇ ಬಂದು ನಿನ್ನ ಕೈ ಹಿಡ್ಕೋತೀನಿ."

"ಅಯ್ಯೋ, ಹಾಗನ್ಬೇಡಿ ದೊಡ್ಡಮ್ಮ."

ಫೋನ್ ಇಟ್ಟ ಮೇಲೆ ಮಗಳು ಕೇಳಿದಳು. "ಯಾಕಮ್ಮ ಹಾಗಂದೆ?"

"ಇನ್ನೇನನ್ಬೇಕಿತ್ತು?"

"ನಾನು ತಿರುಗಿಸಿದ್ದು."

"ತಿರುಗಿಸಿದ್ದು ನೀನು. ನಂಬಿದ್ದು ನಾನು. ಕಿಟಕೀಲಿ ಬೆಳಕಿದೆ ಅಂತ ಅವ್ಳು ಹೇಳಿದ್ಲು. ಬೆವರ್ತಿದೀನಿ ಅಂದ್ಲು. ನಲವತ್ತು ವರ್ಷ ಆಸ್ಪತ್ರೇಲಿದ್ದೋಳಿಗೆ ಗೊತ್ತಾಗ್ಲಿಲ್ಲ. ಯಾರು ಯಾರಿಗೆ ಹೇಳೋದು?" ಅಜ್ಜಿ ಮಂಚದ ಮೇಲಿನ ಹೊದಿಕೆಯ ಸುಕ್ಕು ತೆಗೆದಳು. "ನಾಳೆ ನೀನು ಆ ಮನೆಗೆ ಹೋಗ್ಬೇಕು ಬರ್ಬೇಕು. ನಾನಿಲ್ದಿದ್ದಾಗ್ಲೂ ಹೋಗ್ಬೇಕು. ಆ ಬೀದಿ ಜನ ನಿನ್ನ ನೋಡೋ ರೀತಿ ಬೇರೆ ಆಗ್ಬಾರ್ದು."

ಮಗಳಿಗೆ ಹೊಲಿಗೆ ಹಾಕಿದ್ದ ಜಾಗ ನೋಯುತ್ತಿತ್ತು, ಕೈ ಅಲ್ಲೇ ಒತ್ತಿಕೊಂಡಿತ್ತು.

*

ಟಿಕೆಟ್ಟಿನ ದಿನ ಬದಲಾಯಿತು. ಸೋಮವಾರ ಹೊರಡಬೇಕು. ಅಳಿಯ ರಜೆ ಹಾಕಿದ. ಭಾನುವಾರ ಅಜ್ಜಿ ಮುಂದಿನ ವಾರಕ್ಕಾಗುವಷ್ಟು ಮೂರು ಬಗೆಯ ಪುಡಿ ಹುರಿದು ಡಬ್ಬಿಗಳಿಗೆ ತುಂಬಿದಳು. ಗುಬ್ಬಿಯ ಸಮವಸ್ತ್ರದ ಗುಂಡಿ ಹಾಕಿದಳು. ಮಗಳು, ನಾನೂ ಬರ್ತೀನಿ ಎಂದಾಗ, "ಇನ್ನೂ ಭಾರ ಎತ್ತಬೇಡ ಅಂದಿದಾರೆ ನಿಂಗೆ, ಒಂದು ರೋಗಿ ನೋಡ್ಕೊಂಡ್ರೆ ಸಾಕು ನಂಗೆ," ಎಂದುಬಿಟ್ಟಳು. ಅದರಲ್ಲಿ ಕೋಪ ಇತ್ತೋ ಇಲ್ಲವೋ, ಮಗಳಿಗೆ ತಿಳಿಯಲಿಲ್ಲ.

ಸಂಜೆಯ ಹೊತ್ತು ಆಸ್ಪತ್ರೆಯಿಂದ ಕೆಳಮನೆಯವಳೇ ಫೋನ್ ಮಾಡಿದಳು. ಇವತ್ತು ಗಂಜಿ ಕುಡಿದರು, ಯಾರಾದರೂ ಮನೆಯವರು ಮಾತಾಡಿದರೆ ಒಳ್ಳೆಯದು ಎಂದು ಸಿಸ್ಟರ್ ಹೇಳಿದರು ಎಂದಳು. ಅಜ್ಜಿ ಮಾತಾಡಿದಳು. ನಾಳಿದ್ದು ಬಂದುಬಿಡ್ತೀನಿ ಪುಟ್ಟಿ, ಊಟ ಮಾಡು, ಹಟ ಮಾಡಬೇಡ. ಆ ಕಡೆಯಿಂದ ಉಸಿರಾಟವಷ್ಟೇ ಕೇಳಿಸುತ್ತಿತ್ತು, ದೂರದಲ್ಲಿ ಯಾರದೋ ಚಮಚ ತಟ್ಟೆಗೆ ತಾಗುವ ಸದ್ದು.

ಅಜ್ಜಿ ಫೋನ್ ಇಡಲು ಹೋದಳು. ಮಗಳು ಕೈ ಚಾಚಿದಳು.

"ಕೊಡಮ್ಮ."

"ಏನ್ ಹೇಳ್ತೀಯ?"

"ಕೊಡು."

ಚಿಕ್ಕಮ್ಮನ ಜೊತೆ ಅವಳು ಮಾತಾಡಿ ಎಷ್ಟೋ ತಿಂಗಳಾಗಿತ್ತು. ಅಮ್ಮನ ಫೋನಿನಲ್ಲಿ ಪಕ್ಕದಿಂದ ಕೂಗಿ, ಚೆನ್ನಾಗಿದೀಯಾ ಚಿಕ್ಕಮ್ಮ ಎಂದದ್ದಷ್ಟೇ. ಈಗ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಚಿಕ್ಕಮ್ಮ, ನಾನು. ಕೇಳಿಸ್ತಿದ್ಯಾ? ಚಿಕ್ಕಮ್ಮ, ಗಡಿಯಾರ ತಿರುಗಿಸಿದ್ದು ನಾನು. ಅಮ್ಮ ಅಲ್ಲ. ಅಮ್ಮಂಗೆ ನಿನ್ನ ಮೇಲಿರೋ ಜೀವ ನೋಡಿ ನಂಗೆ ಹೊಟ್ಟೆಕಿಚ್ಚಾಗಿತ್ತು. ಜಗಳ ಆಡಿದ್ದೆ. ಅದನ್ನ ಸರಿ ಮಾಡ್ಬೇಕು ಅಂತ ಮುಟ್ಟಿದ್ದು. ನಂಗೆ ಗೊತ್ತಿರ್ಲಿಲ್ಲ ಚಿಕ್ಕಮ್ಮ. ನನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸ್ದೋಳು ನೀನು, ನಾನು ನಿಂಗೆ ಹೀಗೆ..."

ಆ ಕಡೆ ಏನೋ ಸರಸರ ಸದ್ದಾಯಿತು. ಕೆಳಮನೆಯವಳ ದನಿ ದೂರದಿಂದ ಹತ್ತಿರಕ್ಕೆ ಬಂತು.

"ಹಲೋ? ಅಕ್ಕ, ನೀವಾ? ಫೋನ್ ದಿಂಬಿನ ಮೇಲೆ ಜಾರಿಹೋಗಿತ್ತು. ನಾನು ಗಂಜಿ ಲೋಟ ತೊಳೆಯೋಕೆ ಹೋಗಿದ್ದೆ. ಏನಾದ್ರೂ ಹೇಳಿದ್ರಾ? ಅವ್ರಿಗೆ ಕೇಳಿಸಿರಲ್ಲ. ಈಗ ಕಿವಿಗೇ ಹಿಡಿದಿದೀನಿ ನೋಡಿ. ಇನ್ನೊಂದ್ಸಲ ಹೇಳಿ. ಹೇಳಿ ಅಕ್ಕ, ಕಣ್ಣು ಬಿಟ್ಕೊಂಡಿದಾರೆ."

ಮಗಳು ಅಮ್ಮನ ಮುಖ ನೋಡಿದಳು. ಅಜ್ಜಿ ಮಂಚದ ಅಂಚಿನಲ್ಲಿ ಕೂತು ಒಂದು ಸೀರೆಯನ್ನು ಮಡಿಸುತ್ತಿದ್ದವಳು ಕೈ ನಿಲ್ಲಿಸಿದ್ದಳು.

"ಚಿಕ್ಕಮ್ಮ," ಎಂದಳು ಮಗಳು. ಉಸಿರು ಎಳೆದುಕೊಂಡಳು. ಆ ಕಡೆಯಿಂದಲೂ ಉಸಿರು ಬಂತು, ಹೋಯಿತು. "ಚಿಕ್ಕಮ್ಮ... ಅಮ್ಮ ಬರ್ತಿದಾಳೆ. ನಾಳಿದ್ದು ಬರ್ತಾಳೆ."

ಅಷ್ಟು ಹೇಳಿ ನಿಂತುಬಿಟ್ಟಳು. ಫೋನ್ ಕಿವಿಗೆ ಒತ್ತಿಕೊಂಡೇ ಇದ್ದಳು.

ಅಜ್ಜಿ ಎದ್ದು ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನ್ ತೆಗೆದುಕೊಂಡಳು.

"ಬಿಡು. ಒಂದ್ಸಲ ಹೇಳಿದ್ಯಲ್ಲ," ಎಂದಳು. "ನಾನು ಕೇಳಿಸ್ಕೊಂಡೆ."

ಫೋನನ್ನು ತನ್ನ ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಿಂದ ಮಗಳ ತಲೆಯನ್ನು ಭುಜಕ್ಕೆ ಎಳೆದುಕೊಂಡು, ಆ ಕಡೆಯ ಉಸಿರನ್ನು ಕೇಳುತ್ತ ನಿಂತಳು.